ಭಾಷಣದ ತಡವರಿಕೆ ಕತ್ತರಿಸಿದ ಗುರುತು ಕೇಳಿಸದಿರಲು: ಒಂದು ಪ್ರಕರಣ ಅಧ್ಯಯನ

ಧ್ವನಿಮುದ್ರಣ ಹೀಗಿದೆ: 42 ನಿಮಿಷದ ಒಂದು ತಾಂತ್ರಿಕ ಉಪನ್ಯಾಸ, ಒಬ್ಬರೇ ಮಾತುಗಾರರು, ಅಂಗಿಗೆ ಸಿಕ್ಕಿಸಿದ ಮೈಕ್, 48 ಕಿಲೋಹರ್ಟ್ಸ್‌ನ ಮೊನೊ ವೇವ್ ಫೈಲ್. ಮಧ್ಯಮ ಗಾತ್ರದ ಕೋಣೆ, ಒಂದೇ ಸಮನೆ ಓಡುವ ಫ್ಯಾನು. ವಿಷಯ ಚೆನ್ನಾಗಿದೆ, ಆದರೆ ಮಾತು ನಿಧಾನ. ಎರಡು ಮೂರು ವಾಕ್ಯಕ್ಕೊಮ್ಮೆ ‘ಆಂ…’ ಅಥವಾ ‘ಮ್…’ ಬರುತ್ತದೆ, ಮುಂದಿನ ಮಾತು ಹೊಳೆಯುವವರೆಗೆ ಎರಡು ಮೂರು ಸೆಕೆಂಡು ಮೌನವೂ ಇರುತ್ತದೆ. ಒಂದೊಂದನ್ನೂ ಕೈಯಿಂದ ಕತ್ತರಿಸುತ್ತ ಕೂತರೆ ಒಂದು ದಿನ ಹೋಗುತ್ತದೆ. ಹಾಗಾಗಿ ಕೆಲಸವನ್ನು ಕಂಪ್ಯೂಟರಿಗೆ ವಹಿಸಬೇಕು, ಕೇಳುಗರಿಗೆ ಕತ್ತರಿ ಆಡಿದ್ದು ಗೊತ್ತಾಗಲೂಬಾರದು.

ಎಲ್ಲರೂ ಮೊದಲು ಮಾಡುವ ಕೆಲಸವನ್ನೇ ಇಲ್ಲೂ ಮಾಡಲಾಯಿತು. −35 ಡೆಸಿಬೆಲ್‌ಗಿಂತ ಕಡಿಮೆ ಸದ್ದು 0.2 ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದಲ್ಲೆಲ್ಲ ಕತ್ತರಿಸಿ, ಗುರುತಿಸಿದ ‘ಆಂ’, ‘ಮ್’ ಎಂಬ ಫಿಲ್ಲರ್‌ಗಳನ್ನೆಲ್ಲ ತೆಗೆದು, ತುಂಡುಗಳನ್ನು ಒಂದಕ್ಕೊಂದು ಒತ್ತಾಗಿ ಕೂಡಿಸಲಾಯಿತು. 42 ನಿಮಿಷದ ಮಾತು 33 ನಿಮಿಷಕ್ಕೆ ಇಳಿಯಿತು. ಆದರೆ ಎರಡು ನಿಮಿಷ ಕೇಳುವಷ್ಟರಲ್ಲಿ ಕಿವಿ ದಣಿಯುತ್ತದೆ. ಕಾರಣ ಒಂದಲ್ಲ, ಮೂರು. ಪರಿಹಾರಗಳೂ ಬೇರೆ ಬೇರೆಯಾದ್ದರಿಂದ ಈ ಮೂರನ್ನು ಬೇರ್ಪಡಿಸಿಕೊಳ್ಳಬೇಕು.

ಮೊದಲನೆಯದು, ಪದದ ಅಂಚು ಹೋಗಿರುವುದು. ವಾಕ್ಯದ ಕೊನೆಯ ಸ್ವರ ಮೆಲ್ಲಗೆ ಇಳಿಯುತ್ತ −35 ಡೆಸಿಬೆಲ್‌ಗಿಂತ ಕೆಳಗೆ ಜಾರುತ್ತದೆ, ಪ್ರೋಗ್ರಾಮು ಅದನ್ನೂ ಮೌನವೆಂದು ಎಣಿಸುತ್ತದೆ. ‘ಹೋಗುತ್ತದೆ’ ಎಂಬುದು ‘ಹೋಗುತ್ತದ್’ ಎಂದು ಕೇಳುತ್ತದೆ. ಇದಕ್ಕಿಂತ ವಿಚಿತ್ರವಾದದ್ದು ಒತ್ತಕ್ಷರಗಳ ಪಾಡು. ‘ಹತ್ತು’, ‘ಅಪ್ಪಟ’ ಮುಂತಾದ ಪದಗಳ ನಡುವೆ ಬಾಯಿ ಮುಚ್ಚಿ ಗಾಳಿಯನ್ನು ತಡೆಹಿಡಿಯುವ ಕ್ಷಣವೊಂದಿದೆ, ಅದು ನಿಜಕ್ಕೂ ನಿಶ್ಶಬ್ದ. ನಿಧಾನವಾಗಿ ಮಾತಾಡುವವರಲ್ಲಿ ಆ ತಡೆ 200 ಮಿಲಿಸೆಕೆಂಡಿನ ಹತ್ತಿರ ಹೋಗಬಹುದು. 0.2 ಸೆಕೆಂಡಿನ ನಿಯಮ ಅದನ್ನೂ ನುಂಗಿಬಿಡುತ್ತದೆ. ಎರಡನೆಯದು, ಬೆಸುಗೆಯಲ್ಲಿ ಹಿನ್ನೆಲೆಯ ಸದ್ದು ತುಂಡಾಗಿ ಸಣ್ಣ ‘ಟಿಕ್’ ಕೇಳುವುದು. ಮೂರನೆಯದು, ಲಯ. ಎಲ್ಲ ವಿರಾಮಗಳೂ ಒಂದೇ ಅಳತೆಗೆ ಬಂದಾಗ ಅಲ್ಪವಿರಾಮ ಯಾವುದು, ಪೂರ್ಣವಿರಾಮ ಯಾವುದು, ಹೊಸ ವಿಷಯ ಎಲ್ಲಿಂದ ಶುರು ಎಂಬುದು ಕಿವಿಗೆ ತಿಳಿಯುವುದಿಲ್ಲ. ಮೊದಲ ಎರಡು ದೋಷಗಳನ್ನು ಸಿಗ್ನಲ್ ಮಟ್ಟದಲ್ಲೇ ಸರಿಪಡಿಸಬಹುದು. ಮೂರನೆಯದು ಸರಿಹೋಗಬೇಕಾದರೆ ಎಷ್ಟು ಕತ್ತರಿಸಬೇಕು ಎನ್ನುವ ನಿರ್ಧಾರವೇ ಬದಲಾಗಬೇಕು. ಒಂದು ತುಂಡನ್ನು ಇಳಿಸುತ್ತ ಮುಂದಿನದನ್ನು ಏರಿಸಿ ಬೆಸೆಯುವ ಕ್ರಾಸ್‌ಫೇಡ್ ಹೆಚ್ಚಿಸುತ್ತ ಹೋದರೆ ಲಯ ಸುಧಾರಿಸುವುದಿಲ್ಲ. ಬಹಳ ಜನ ಸಮಯ ಕಳೆದುಕೊಳ್ಳುವುದು ಇಲ್ಲೇ.

ಕತ್ತರಿಗೆ ಮುನ್ನ

ಸಂಸ್ಕರಣೆಯ ಕ್ರಮ ಮುಖ್ಯ. ಮೊದಲು 80 ಹರ್ಟ್ಸ್‌ನ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನ ಸದ್ದನ್ನು ತೆಗೆಯುವ ಜರಡಿ. ಕೇಳಿಸದ ಗುಡುಗುಡು, ಮೈಕ್ ತಂತಿಯ ಅಲುಗಾಟ, ತರಂಗ ಸೊನ್ನೆಯಿಂದ ಪಕ್ಕಕ್ಕೆ ಸರಿದಿರುವುದು ಇವೆಲ್ಲ ಬೆಸುಗೆಯಲ್ಲಿ ‘ಟಿಕ್’ ಆಗಿ ಹೊರಬರುತ್ತವೆ, ಆದ್ದರಿಂದ ಮೊದಲೇ ತೆಗೆಯಬೇಕು. ಹಿನ್ನೆಲೆ ಗದ್ದಲ ತಗ್ಗಿಸುವುದಿದ್ದರೆ ಅದನ್ನೂ ಈಗಲೇ, ಹಗುರವಾಗಿ ಮಾಡಬೇಕು. ಗದ್ದಲ ತಗ್ಗಿಸುವ ಪ್ರೋಗ್ರಾಮುಗಳು ಹಿನ್ನೆಲೆಯನ್ನು ನಿರಂತರವಾಗಿ ಅಂದಾಜಿಸುತ್ತ ಸಾಗುತ್ತವೆ. ಈಗಾಗಲೇ ತುಂಡರಿಸಿ ಕೂಡಿಸಿದ ಫೈಲು ಕೊಟ್ಟರೆ ಆ ಅಂದಾಜು ಬೆಸುಗೆ ಬೆಸುಗೆಗೂ ತಡವರಿಸುತ್ತದೆ. ಮಟ್ಟ ಇಳಿದೊಡನೆ ಸದ್ದನ್ನು ಪೂರ್ತಿ ಮುಚ್ಚುವ ನಾಯ್ಸ್ ಗೇಟ್ ಮಾತ್ರ ಬೇಡವೇ ಬೇಡ. ಪದಗಳ ಬಾಲ ಮತ್ತು ಕೋಣೆಯ ಅನುರಣನ ಅಲ್ಲೇ ಸತ್ತುಹೋಗುತ್ತವೆ, ಮುಂದೆ ಬೆಸೆಯಲು ಏನೂ ಉಳಿಯುವುದಿಲ್ಲ.

ಜೋರು ಮತ್ತು ಮೆಲು ಸದ್ದಿನ ಅಂತರ ಕುಗ್ಗಿಸುವ ಕಂಪ್ರೆಸರ್, ಒಟ್ಟು ಧ್ವನಿಮಟ್ಟ ಹೊಂದಿಸುವುದು ಇವು ಕತ್ತರಿಸಿದ ನಂತರದ ಕೆಲಸ. ಕಂಪ್ರೆಸರ್ ಮೊದಲೇ ಹಾಕಿದರೆ ಮೌನದ ವೇಳೆ ಫ್ಯಾನಿನ ಸದ್ದು ಮೆಲ್ಲಮೆಲ್ಲನೆ ಏರುತ್ತದೆ. ಮೂರು ಸೆಕೆಂಡಿನ ಮೌನದ ಮೊದಲ ಭಾಗ, ಕೊನೆಯ ಭಾಗ ಒಂದೇ ಮಟ್ಟದಲ್ಲಿ ಇರುವುದಿಲ್ಲ. ನಡುವನ್ನು ತೆಗೆದು ಎರಡನ್ನೂ ಕೂಡಿಸಿದರೆ ಹಿನ್ನೆಲೆ ತಟ್ಟನೆ ಮೆಟ್ಟಿಲು ಹತ್ತಿದಂತಾಗುತ್ತದೆ.

ಮೌನದ ಹೊಸ್ತಿಲು

ಯಾವ ಮಟ್ಟಕ್ಕಿಂತ ಕೆಳಗಿನದು ಮೌನ ಎಂಬ ಹೊಸ್ತಿಲನ್ನು ಊಹಿಸಬೇಕಿಲ್ಲ, ಅಳೆಯಬಹುದು. ಯಾರೂ ಮಾತಾಡದ, ಉಸಿರೂ ಇಲ್ಲದ ಎರಡು ಸೆಕೆಂಡು ಆರಿಸಿ ಸರಾಸರಿ ಮಟ್ಟ ನೋಡಿದರೆ ಈ ಧ್ವನಿಮುದ್ರಣದಲ್ಲಿ −56 ಡೆಸಿಬೆಲ್ ಬರುತ್ತದೆ. ಆದರೆ ffmpeg ಪ್ರೋಗ್ರಾಮಿನೊಳಗಿನ, ಮೌನ ಹುಡುಕುವ silencedetect ಸರಾಸರಿಯನ್ನು ನೋಡುವುದಿಲ್ಲ, ಒಂದೊಂದು ಸ್ಯಾಂಪಲ್ಲನ್ನೂ ಹೊಸ್ತಿಲಿನ ಜೊತೆ ಹೋಲಿಸುತ್ತದೆ. ಒಂದೇ ಒಂದು ಸ್ಯಾಂಪಲ್ ಹೊಸ್ತಿಲು ದಾಟಿದರೂ ಮೌನ ಅಲ್ಲಿಗೆ ಮುರಿಯಿತು. ಫ್ಯಾನಿನಂಥ ಗದ್ದಲದ ಶಿಖರಗಳು ಅದರ ಸರಾಸರಿಗಿಂತ 12ರಿಂದ 14 ಡೆಸಿಬೆಲ್ ಮೇಲೆ ಚಿಮ್ಮುತ್ತವೆ. ಹಾಗಾಗಿ −56 ಹಿನ್ನೆಲೆಗೆ −50 ಹೊಸ್ತಿಲು ಕೊಟ್ಟರೆ ಒಂದೂ ಮೌನ ಸಿಗುವುದಿಲ್ಲ, −42 ಕೊಟ್ಟರೆ ಸಿಗುತ್ತದೆ.

```
ffmpeg -i bhashana.wav -af silencedetect=noise=-42dB:d=0.6 -f null -
```

ಪರದೆಯಲ್ಲಿ silence_start, silence_end, silence_duration ಎಂದು ಬರುವ ಸಾಲುಗಳನ್ನು ಉಳಿಸಿಕೊಳ್ಳಬೇಕು. ಇದರಿಂದ ಸಿಗುವುದು ಕತ್ತರಿಸುವ ಪಟ್ಟಿಯಲ್ಲ, ಪರಿಶೀಲಿಸಬೇಕಾದ ಜಾಗಗಳ ಪಟ್ಟಿ ಮಾತ್ರ. ಏಕೆಂದರೆ ಮಟ್ಟ ತಿಳಿದ ಮಾತ್ರಕ್ಕೆ ಅಲ್ಲಿ ಏನಿದೆ ಎಂದು ತಿಳಿಯುವುದಿಲ್ಲ.

ಆದ್ದರಿಂದ ಜೊತೆಗೆ ಮಾತು ಪತ್ತೆಹಚ್ಚುವ ಇನ್ನೊಂದು ಸಾಧನವನ್ನೂ ಓಡಿಸಬೇಕು. ಸಿಲೆರೋ ವಿಎಡಿ ಇದಕ್ಕೆ ಸಾಕು. 16 ಕಿಲೋಹರ್ಟ್ಸ್‌ಗೆ ಇಳಿಸಿದ ಧ್ವನಿಯನ್ನು ಅದು 32 ಮಿಲಿಸೆಕೆಂಡಿನ ತುಣುಕುಗಳಾಗಿ ನೋಡಿ, ಪ್ರತಿಯೊಂದರಲ್ಲೂ ಮಾತು ಇರುವ ಸಾಧ್ಯತೆ ಎಷ್ಟು ಎಂದು ಹೇಳುತ್ತದೆ. ಮಟ್ಟವೂ ಕಡಿಮೆ, ವಿಎಡಿ ಪ್ರಕಾರ ಮಾತೂ ಇಲ್ಲ ಎಂದಾದರೆ ಮಾತ್ರ ಅದು ಮೌನ. ಎರಡಕ್ಕೂ ಭಿನ್ನಾಭಿಪ್ರಾಯ ಇರುವ ಜಾಗಗಳೇ ಕುತೂಹಲದವು. ಮಾತಿಲ್ಲ, ಆದರೆ ಮಟ್ಟ ಹೆಚ್ಚು ಎಂದರೆ ಅದು ಉಸಿರು, ಕೆಮ್ಮು, ಸಭಿಕರ ನಗು, ಅಥವಾ ಮಾತುಗಾರರು ಏನನ್ನೋ ಮಾಡಿ ತೋರಿಸುತ್ತಿರುವ ಸದ್ದು. ಅದನ್ನು ಮುಟ್ಟಬಾರದು. ಮಟ್ಟ ಕಡಿಮೆ, ಆದರೆ ಮಾತಿದೆ ಎಂದರೆ ಅದು ಪದದ ಬಾಲ. ಅಲ್ಲಿ ವಿಎಡಿ ಮಾತಿಗೇ ಬೆಲೆ.

ಫಿಲ್ಲರ್ ಎಲ್ಲಿದೆ

ಪಠ್ಯ ಬರೆಸಿ ‘ಆಂ’, ‘ಮ್’ ಎಂದು ಹುಡುಕಿದರಾಯಿತು ಎಂದುಕೊಂಡರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಮಾತನ್ನು ಪಠ್ಯವಾಗಿಸುವ ವಿಸ್ಪರ್‌ನಂಥ ಮಾದರಿಗಳು ಕಲಿತದ್ದು ಹೆಚ್ಚಾಗಿ ಶುದ್ಧ ಮಾಡಿದ ಪಠ್ಯಗಳಿಂದ, ಆದ್ದರಿಂದ ಅವು ತಡವರಿಕೆಗಳನ್ನು ಬರೆಯದೇ ದಾಟಿಬಿಡುತ್ತವೆ. initial_prompt ಜಾಗದಲ್ಲಿ ‘ಆಂ… ಮ್… ಅಂದ್ರೆ… ಆಮೇಲೆ…’ ಎಂಬ ಮಾದರಿ ಸಾಲು ಕೊಟ್ಟರೆ ಕೆಲವನ್ನು ಬರೆಯುತ್ತವೆ, ಎಲ್ಲವನ್ನೂ ಅಲ್ಲ.

ಆದರೆ ಈ ದೌರ್ಬಲ್ಯವನ್ನೇ ಬಳಸಿಕೊಳ್ಳಬಹುದು. ಪಠ್ಯದ ಪ್ರತಿ ಪದಕ್ಕೂ ಶುರು ಮತ್ತು ಕೊನೆಯ ಸಮಯ ಗುರುತಿಸಿದ ಮೇಲೆ, ಎರಡು ಪದಗಳ ನಡುವೆ 200 ಮಿಲಿಸೆಕೆಂಡಿಗಿಂತ ದೊಡ್ಡ ಖಾಲಿ ಜಾಗವಿದ್ದು, ಅಲ್ಲಿ ವಿಎಡಿ ‘ಮಾತಿದೆ’ ಎಂದರೆ ಅದು ಬಹುತೇಕ ಫಿಲ್ಲರ್. ಪಿಚ್ ಕೂಡ ಸಾಕ್ಷಿ ಹೇಳುತ್ತದೆ: ‘ಆಂ’ ಎನ್ನುವಾಗ ಪಿಚ್ ಸಾಮಾನ್ಯವಾಗಿ ಚಪ್ಪಟೆಯಾಗಿರುತ್ತದೆ ಅಥವಾ ನಿಧಾನವಾಗಿ ಇಳಿಯುತ್ತದೆ, ಸ್ವರವೂ ಬದಲಾಗುವುದಿಲ್ಲ. ಪಠ್ಯ ತಪ್ಪಿ ಬಿಟ್ಟ ನಿಜವಾದ ಪದವಾದರೆ ಅಕ್ಷರದಿಂದ ಅಕ್ಷರಕ್ಕೆ ಎರಡೂ ಏರಿಳಿಯುತ್ತವೆ. ಈ ಪರೀಕ್ಷೆಯಿಲ್ಲದೆ ಕತ್ತರಿಸಿದರೆ, ಮಾದರಿಗೆ ಅರ್ಥವಾಗದ ಹೆಸರು ಅಥವಾ ತಾಂತ್ರಿಕ ಪದ ಫಿಲ್ಲರ್ ಎಂದು ಹಾರಿಹೋಗುವ ಅಪಾಯವಿದೆ. ಉಪನ್ಯಾಸದಲ್ಲಿ ಕಳೆದುಕೊಳ್ಳಬಾರದ್ದು ಅದೇ.

ಪದಗಳ ಸಮಯದಲ್ಲಿ ಎರಡು ಬಲೆಗಳಿವೆ. ವಿಸ್ಪರ್ ಕೊಡುವ ಸಮಯ ಅಂದಾಜಿನದು. ಕೆಲವೊಮ್ಮೆ ಮುಂದಿನ ಪದದ ಶುರುವನ್ನು ಹಿಂದಕ್ಕೆ ಎಳೆದು ಫಿಲ್ಲರನ್ನೂ ಆ ಪದದೊಳಗೆ ಸೇರಿಸಿಬಿಡುತ್ತದೆ, ಖಾಲಿ ಜಾಗವೇ ಕಾಣುವುದಿಲ್ಲ. ಇದನ್ನು ಹಿಡಿಯಲು ಪದದ ಅವಧಿಯನ್ನು ಅದರ ಅಕ್ಷರಗಳ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಈ ಮಾತುಗಾರರದು ಅಕ್ಷರಕ್ಕೆ ಸುಮಾರು 0.16 ಸೆಕೆಂಡು. ಮೂರಕ್ಷರದ ‘ಮೊದಲು’ 1.1 ಸೆಕೆಂಡು ತೆಗೆದುಕೊಂಡಿದೆ ಎಂದು ತೋರಿಸಿದರೆ ಒಳಗೆ ಇನ್ನೇನೋ ಕೂತಿದೆ ಎಂದೇ ಅರ್ಥ. ಆಮೇಲೆ wav2vec2 ಬಗೆಯ ಮಾದರಿಯಿಂದ ಪಠ್ಯವನ್ನು ಧ್ವನಿಗೆ ಮತ್ತೆ ಜೋಡಿಸಿದರೆ 20 ಮಿಲಿಸೆಕೆಂಡಿನ ಹೆಜ್ಜೆಗಳಲ್ಲಿ ಸಮಯ ಸಿಗುತ್ತದೆ. ಇದರ ಬಲೆ ಬೇರೆ: ಇಂಥ ಮಾದರಿಗಳು ಅಕ್ಷರದ ಒಂದು ಕ್ಷಣವನ್ನಷ್ಟೇ ಬಲವಾಗಿ ಗುರುತಿಸುವುದರಿಂದ ಪದದ ಕೊನೆ ನಿಜಕ್ಕಿಂತ ಬೇಗ ಬಂದಂತೆ ತೋರುತ್ತದೆ. ಅದನ್ನು ನಂಬಿ ಕತ್ತರಿಸಿದರೆ ಕೊನೆಯ ಸ್ವರ ಮತ್ತೆ ಮೊಟಕಾಗುತ್ತದೆ. ಹಾಗಾಗಿ ಪದದ ಕೊನೆಯನ್ನು ಜೋಡಣೆಯಿಂದ ತೆಗೆದುಕೊಳ್ಳದೆ, ಅಲ್ಲಿಂದ ಮುಂದೆ ಧ್ವನಿಯ ಮಟ್ಟ ನಿಜವಾಗಿ ಇಳಿಯುವ ಬಿಂದುವಿನವರೆಗೆ ಸರಿಸಬೇಕು.

ಯಾವುದನ್ನು ತೆಗೆಯಬಹುದು, ಯಾವುದನ್ನು ಬಿಡಬೇಕು

ಹೀಗೆ ಹುಡುಕಿದಾಗ 228 ಫಿಲ್ಲರ್‌ಗಳು ಸಿಕ್ಕವು, ತೆಗೆದದ್ದು 131. ಉಳಿದ ನೂರಕ್ಕೆ ಹತ್ತಿರದಷ್ಟನ್ನು ಬೇಕೆಂದೇ ಬಿಡಲಾಯಿತು. ಇಡೀ ಕೆಲಸದ ಗುಣಮಟ್ಟ ನಿಂತಿರುವುದು ಈ ನಿರ್ಧಾರದ ಮೇಲೆ. ಫಿಲ್ಲರ್ ತೆಗೆಯಬಹುದೇ ಎಂಬುದನ್ನು ಫಿಲ್ಲರ್ ತೀರ್ಮಾನಿಸುವುದಿಲ್ಲ, ಅದರ ಎರಡು ಬದಿಯಲ್ಲಿರುವುದು ತೀರ್ಮಾನಿಸುತ್ತದೆ.

ಎರಡೂ ಬದಿಯಲ್ಲಿ ಕನಿಷ್ಠ 150 ಮಿಲಿಸೆಕೆಂಡ್ ಮೌನವಿದ್ದರೆ ಯೋಚಿಸಬೇಕಿಲ್ಲ, ತೆಗೆಯಬಹುದು. ಒಂದು ಬದಿ ಮೌನ, ಇನ್ನೊಂದು ಬದಿ ನೇರವಾಗಿ ಪದಕ್ಕೆ ಅಂಟಿಕೊಂಡಿದ್ದರೆ ಆ ಪದ ಯಾವ ಧ್ವನಿಯಿಂದ ಶುರುವಾಗುತ್ತದೆ ಎಂದು ನೋಡಬೇಕು. ಕ, ಚ, ಟ, ತ, ಪ ಮುಂತಾದವುಗಳಲ್ಲಿ ಉಚ್ಚಾರಣೆಗೆ ಮುನ್ನ ಗಾಳಿ ತಡೆಯುವ ಸಣ್ಣ ಮೌನವಿದೆ, ಬೆಸುಗೆಯನ್ನು ಅದರೊಳಗೆ ಅಡಗಿಸಬಹುದು. ಆದರೆ ತಡೆದ ಗಾಳಿ ಹೊರಚಿಮ್ಮುವ ಸ್ಫೋಟಕ್ಕೆ ಮುಂಚಿನ ಕನಿಷ್ಠ 50 ಮಿಲಿಸೆಕೆಂಡ್ ತಡೆಯನ್ನು ಉಳಿಸಬೇಕು, ಇಲ್ಲದಿದ್ದರೆ ‘ಪದ’ ಎಂಬುದು ತುಟಿ ಮುಚ್ಚದೆ ಹೇಳಿದಂತೆ ಕೇಳುತ್ತದೆ. ಪದ ಸ್ವರದಿಂದಲೋ, ಮ, ನ, ಯ, ರ, ಲ, ವ ಇಂಥವುಗಳಿಂದಲೋ ಶುರುವಾಗಿದ್ದರೆ ಫಿಲ್ಲರ್ ಮತ್ತು ಪದದ ನಡುವೆ ಗೆರೆ ಎಳೆಯುವ ಜಾಗವೇ ಇಲ್ಲ. ನಾಲಿಗೆ, ತುಟಿಗಳು ‘ಆಂ’ ಮುಗಿಯುವ ಮೊದಲೇ ಮುಂದಿನ ಧ್ವನಿಗೆ ಹೊರಟಿರುತ್ತವೆ. ಎಲ್ಲಿ ಕತ್ತರಿಸಿದರೂ ಒಂದರ ಚೂರು ಇನ್ನೊಂದರಲ್ಲಿ ಉಳಿಯುತ್ತದೆ. ಬಿಟ್ಟುಬಿಡಬೇಕು. ಎರಡೂ ಬದಿ ಅಂಟಿಕೊಂಡಿರುವುದನ್ನೂ ಹಾಗೇ ಬಿಡಬೇಕು. ಕೇಳುಗರು ಅಂಥ ಫಿಲ್ಲರನ್ನು ಗಮನಿಸುವುದು ಕಡಿಮೆ, ಕೆಟ್ಟ ಬೆಸುಗೆಯನ್ನಾದರೆ ಖಂಡಿತ ಗಮನಿಸುತ್ತಾರೆ.

ಕನ್ನಡ ಮಾತಿನಲ್ಲಿ ಇನ್ನೊಂದು ಬಗೆಯ ತಡವರಿಕೆ ಬಹಳ. ಬಹುತೇಕ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಮಾತುಗಾರರು ಬೇರೆ ‘ಆಂ’ ಹಾಕದೆ ಆ ಸ್ವರವನ್ನೇ ಎಳೆಯುತ್ತಾರೆ: ‘ಇದನ್ನಾ…’, ‘ಅಲ್ಲೀ…’. ಎಳೆದ ಸ್ವರದ ನಡುವಿನಿಂದ ಒಂದಷ್ಟು ತೆಗೆದು ಗಿಡ್ಡ ಮಾಡುವ ಆಸೆ ಹುಟ್ಟುತ್ತದೆ. ಸ್ವರದ ಅಲೆಗಳನ್ನು ಒಂದಕ್ಕೊಂದು ಸರಿಯಾಗಿ ಕೂಡಿಸಲೂ ಬಹುದು, ಆದರೆ ಪಿಚ್ ಇಳಿಯುವ ಹಾದಿ ನಡುವೆ ಜಿಗಿದು, ರಾಗ ತಪ್ಪಿದಂತೆ ಕೇಳುತ್ತದೆ. ಯಂತ್ರಕ್ಕೆ ಈ ಕೆಲಸ ಕೊಡದಿರುವುದೇ ಒಳ್ಳೆಯದು. ಎಳೆದ ಸ್ವರದ ನಂತರದ ಮೌನವನ್ನು ತಗ್ಗಿಸಿದರೆ ಸಾಕು.

‘ಅಂದ್ರೆ’, ‘ಆಮೇಲೆ’, ‘ಹಾಗಾಗಿ’, ‘ಏನಪ್ಪಾ ಅಂದ್ರೆ’ ಇವನ್ನು ಪಟ್ಟಿ ಮಾಡಿ ಅಳಿಸುವುದು ಅಪಾಯಕರ. ‘ವೋಲ್ಟೇಜ್ ಅಂದ್ರೆ ಒತ್ತಡದ ವ್ಯತ್ಯಾಸ’ ಎಂಬುದರಲ್ಲಿ ‘ಅಂದ್ರೆ’ ಹೋದರೆ ವಾಕ್ಯವೇ ಹೋಯಿತು. ಇಲ್ಲಿ ಅನುಸರಿಸಿದ ನಿಯಮ: ಎರಡೂ ಬದಿಯಲ್ಲಿ ಕನಿಷ್ಠ 0.2 ಸೆಕೆಂಡ್ ಮೌನವಿದ್ದು, ಅದೇ ಪದ ಹತ್ತು ಸೆಕೆಂಡಿನೊಳಗೆ ಇನ್ನೊಮ್ಮೆ ಬಂದಿದ್ದರೆ ಮಾತ್ರ ಅದನ್ನು ಸಲಹೆಯಾಗಿ ತೋರಿಸುವುದು. ಅಳಿಸುವ ತೀರ್ಮಾನ ಪಠ್ಯ ಓದುವ ಮನುಷ್ಯರದು.

ಎಷ್ಟು ಮೌನ ಉಳಿಸಬೇಕು

ಮೌನವನ್ನು ತೆಗೆಯಬಾರದು, ತಗ್ಗಿಸಬೇಕು. ತಗ್ಗಿಸಿದ ಮೇಲೂ ದೊಡ್ಡದು ದೊಡ್ಡದಾಗಿ, ಚಿಕ್ಕದು ಚಿಕ್ಕದಾಗಿಯೇ ಇರಬೇಕು. ‘0.5 ಸೆಕೆಂಡಿಗಿಂತ ಹೆಚ್ಚಿರುವುದೆಲ್ಲ 0.5 ಆಗಲಿ’ ಎನ್ನುವ ನಿಯಮವೇ ಮಾತನ್ನು ಯಾಂತ್ರಿಕ ಮಾಡುವುದು. ಅದರ ಬದಲು ಈ ಸೂತ್ರ:

```python
def new_pause(t):
    if t <= 0.6:
        return t
    return min(0.6 + 0.3 * (t - 0.6), 1.4)
```

0.6 ಸೆಕೆಂಡಿನವರೆಗಿನ ಮೌನವನ್ನು ಮುಟ್ಟುವುದಿಲ್ಲ, ವಾಕ್ಯದೊಳಗಿನ ಸಹಜ ವಿರಾಮಗಳು ಹೆಚ್ಚಾಗಿ ಅದರೊಳಗೇ ಬರುತ್ತವೆ. ಅದಕ್ಕಿಂತ ಹೆಚ್ಚಿನ ಭಾಗದಲ್ಲಿ ಶೇಕಡ 30 ಮಾತ್ರ ಉಳಿಯುತ್ತದೆ. ಒಂದು ಸೆಕೆಂಡಿನ ಮೌನ 0.72 ಆಗುತ್ತದೆ, ಎರಡು ಸೆಕೆಂಡಿನದು 1.02, ಮೂರರದು 1.32. ಐದು ಸೆಕೆಂಡಿನದಾದರೂ 1.4 ದಾಟುವುದಿಲ್ಲ. 0.6 ಎಂಬ ಸಂಖ್ಯೆ ಈ ಮಾತುಗಾರರಿಗೆ ಹೊಂದುವಂಥದ್ದು. ಚುರುಕಾಗಿ ಮಾತಾಡುವವರಿಗೆ 0.4ರ ಹತ್ತಿರ ಇಳಿಸಬೇಕಾಗುತ್ತದೆ. ಎಲ್ಲ ಮೌನಗಳ ಅವಧಿಯನ್ನು ಸಾಲಾಗಿ ಜೋಡಿಸಿ ನಡುವಿನದನ್ನು ನೋಡಿದರೆ ಸರಿಯಾದ ಸಂಖ್ಯೆ ಸಿಗುತ್ತದೆ. ಪಠ್ಯದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಮೌನವನ್ನು ಈ ಸೂತ್ರದಿಂದ ಹೊರಗಿಡುವುದು ಮೇಲು. ಪ್ರಶ್ನೆ ಕೇಳಿ ಯೋಚಿಸಲು ಬಿಟ್ಟ ಮೂರು ಸೆಕೆಂಡು ತಡವರಿಕೆಯಲ್ಲ.

ಫಿಲ್ಲರ್ ಇದ್ದಲ್ಲಿ ಮೊದಲು ಅದನ್ನು ಲೆಕ್ಕದಿಂದ ತೆಗೆದು, ಎರಡು ಬದಿಯ ಮೌನಗಳನ್ನು ಕೂಡಿಸಿ, ಆ ಮೊತ್ತಕ್ಕೆ ಸೂತ್ರ ಹಾಕಬೇಕು. ಒಂದು ಜಾಗವನ್ನು ಪೂರ್ತಿ ನೋಡೋಣ. 12ನೇ ನಿಮಿಷದಲ್ಲಿ ಮಾತು ಹೀಗಿದೆ: ‘ಈ ಸಂಕೇತ… ಆಂ… ಮೊದಲು ಫಿಲ್ಟರಿಗೆ ಹೋಗುತ್ತದೆ’. ‘ಸಂಕೇತ’ ಮುಗಿಯುವುದು 4.10 ಸೆಕೆಂಡಿಗೆ. ಅಲ್ಲಿಂದ 4.92ರವರೆಗೆ ಮೌನ. 4.92ರಿಂದ 5.38ರವರೆಗೆ ‘ಆಂ’. ಮತ್ತೆ 6.02ರವರೆಗೆ ಮಾತಿಲ್ಲ, ಆದರೆ ಅದರ ಕೊನೆಯ 0.30 ಸೆಕೆಂಡು, ಅಂದರೆ 5.72ರಿಂದ ಮುಂದಕ್ಕೆ, ಒಳಗೆಳೆದುಕೊಂಡ ಉಸಿರು. 6.02ಕ್ಕೆ ‘ಮೊದಲು’ ಶುರು.

ಎರಡು ಮೌನಗಳು 0.82 ಮತ್ತು 0.64, ಕೂಡಿದರೆ 1.46. ಸೂತ್ರದ ಪ್ರಕಾರ ಉಳಿಯಬೇಕಾದದ್ದು 0.86 ಸೆಕೆಂಡು. ಇದನ್ನು ಎರಡು ಬದಿಗೂ ಸಮನಾಗಿ ಹಂಚಬಾರದು. ಉಸಿರು ಮುಂದಿನ ಮಾತಿಗೆ ಸೇರಿದ್ದು, ಅದು ಪೂರ್ತಿ ಉಳಿಯಬೇಕು. ಅರ್ಧ ಉಸಿರು ಉಳಿಸಿದರೆ ಯಾರೋ ಗಂಟಲು ಹಿಡಿದಂತೆ ಕೇಳುತ್ತದೆ. ಹಾಗಾಗಿ ಉಸಿರಿನ 0.30, ಅದರ ಮುಂಚೆ 0.08, ಒಟ್ಟು 0.38 ಬಲಬದಿಗೆ. ಉಳಿದ 0.48 ‘ಸಂಕೇತ’ದ ನಂತರ. ಎಡ ತುಂಡು 4.58ಕ್ಕೆ ಮುಗಿಯುತ್ತದೆ, ಬಲ ತುಂಡು 5.64ಕ್ಕೆ ಶುರುವಾಗುತ್ತದೆ, ಕತ್ತರಿಸಿ ಹೋಗುವುದು 1.06 ಸೆಕೆಂಡು.

5.64 ಎಂಬ ಜಾಗ ‘ಆಂ’ ಮುಗಿದ 0.26 ಸೆಕೆಂಡಿನ ನಂತರ ಬರುತ್ತದೆ. ಈ ಕೋಣೆಯ ಅನುರಣನ ಕಿವಿಗೆ ಕೇಳದಷ್ಟು ಇಳಿಯಲು ಸುಮಾರು 0.25 ಸೆಕೆಂಡು ಬೇಕು. ಅಂದರೆ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದೇವೆ. 5.45ಕ್ಕೇ ಶುರು ಮಾಡಿದ್ದರೆ ‘ಆಂ’ ಹೋಗಿರುತ್ತಿತ್ತು, ಅದರ ನೆರಳು ಮಾತ್ರ ಕೇಳುತ್ತಿತ್ತು: ಹೇಳದೇ ಇದ್ದ ಮಾತಿನ ಮೊಳಗು. ಫಿಲ್ಲರ್ ತೆಗೆದ ಮೇಲೂ ಏನೋ ಅಸಹಜ ಅನ್ನಿಸಿದರೆ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. ಎಡಬದಿಯಲ್ಲೂ ಪದದ ಸ್ವಂತ ಅನುರಣನಕ್ಕೆ ಕನಿಷ್ಠ 0.25 ಸೆಕೆಂಡು ಬಿಡಬೇಕು, ಇಲ್ಲಿ 0.48 ಇರುವುದರಿಂದ ತೊಂದರೆಯಿಲ್ಲ.

‘ಆಂ’ಗೆ ಮುಂಚೆಯೂ ಉಸಿರು, ನಂತರವೂ ಉಸಿರು ಇರುವ ಜಾಗಗಳಿವೆ. ಎರಡನ್ನೂ ಉಳಿಸಿದರೆ ಮಾತುಗಾರರು ಒಂದರ ಹಿಂದೆ ಒಂದು ಎರಡು ಬಾರಿ ಉಸಿರೆಳೆದಂತಾಗುತ್ತದೆ, ಕತ್ತರಿಯ ಗುಟ್ಟು ರಟ್ಟಾಗುತ್ತದೆ. ಅಂಥಲ್ಲಿ ಮೊದಲನೆಯ ಉಸಿರು ಹೋಗಲಿ, ಮುಂದಿನ ಪದಕ್ಕೆ ಹತ್ತಿರದ್ದು ಉಳಿಯಲಿ.

ಫಿಲ್ಲರ್ ತೆಗೆದ ಜಾಗದಲ್ಲಿ 0.25 ಸೆಕೆಂಡಿಗಿಂತ ಕಡಿಮೆ ಮೌನ ಉಳಿಯುವಂತಿದ್ದರೆ ಪಿಚ್ ನೋಡಬೇಕು. ಬೆಸುಗೆಗೆ ಮುಂಚಿನ 100 ಮಿಲಿಸೆಕೆಂಡ್ ಮತ್ತು ನಂತರದ 100 ಮಿಲಿಸೆಕೆಂಡ್ ಮಾತಿನ ಪಿಚ್ ನಾಲ್ಕು ಸೆಮಿಟೋನ್‌ಗಿಂತ ಹೆಚ್ಚು ಬೇರೆಯಾಗಿದ್ದರೆ ಆ ಬೆಸುಗೆ ಬೇಡ. ವಿರಾಮದ ನಂತರ ಪಿಚ್ ಮೇಲಕ್ಕೆ ಏರುವುದನ್ನು ಕಿವಿ ಸಹಜವಾಗಿ ಒಪ್ಪುತ್ತದೆ, ವಿರಾಮವಿಲ್ಲದೆ ಏರಿದರೆ ಒಪ್ಪುವುದಿಲ್ಲ. ಇನ್ನೊಂದು ಕಡಿವಾಣವೂ ಉಪಯುಕ್ತ: ಯಾವುದೇ ನಾಲ್ಕು ಸೆಕೆಂಡಿನ ಮಾತಿನಲ್ಲಿ ಎರಡಕ್ಕಿಂತ ಹೆಚ್ಚು ಬೆಸುಗೆ ಇರಬಾರದು. ಮೂರನೆಯದು ಬಂದರೆ ಅವುಗಳಲ್ಲಿ ಅತಿ ಕಡಿಮೆ ಸಮಯ ಉಳಿಸುವುದನ್ನು ಕೈಬಿಡಬೇಕು. ಒಂದೊಂದಾಗಿ ಕೇಳಿದರೆ ನಿರ್ದೋಷವಾಗಿರುವ ಮೂರು ಬೆಸುಗೆಗಳು ಹತ್ತಿರ ಹತ್ತಿರ ಬಂದಾಗ ಮಾತು ಕುಂಟುತ್ತದೆ.

ಬೆಸುಗೆ

ಎರಡು ತುಂಡುಗಳ ನಡುವೆ 20 ಮಿಲಿಸೆಕೆಂಡ್ ಕ್ರಾಸ್‌ಫೇಡ್ ಸಾಕು. ಈ ಸಂಖ್ಯೆಗೆ ಕಾರಣವಿದೆ: ವಿದ್ಯುತ್ ಲೈನಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಧ್ವನಿಮುದ್ರಣಕ್ಕೆ ಸೇರಿದ್ದರೆ ಅದರ ಒಂದು ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ಅದಕ್ಕಿಂತ ಗಿಡ್ಡ ಫೇಡಿನಲ್ಲಿ ಆ ಅಲೆ ನಡುವೆ ಮುರಿದು ಸಣ್ಣ ಗುದ್ದು ಕೇಳಬಹುದು. ಬರೀ ಹಿನ್ನೆಲೆ ಇರುವ ಕಡೆ 40–50ರವರೆಗೂ ಹೋಗಬಹುದು. ವ್ಯಂಜನದ ತಡೆಯೊಳಗೆ ಬೆಸೆಯುವಾಗ ಮಾತ್ರ 8–10ಕ್ಕೆ ಇಳಿಸಬೇಕು, ಇಲ್ಲದಿದ್ದರೆ ಫಿಲ್ಲರಿನ ಚೂರು ಒಳಗೆ ನುಸುಳುತ್ತದೆ.

ಫೇಡಿನ ಆಕಾರವನ್ನೂ ಆರಿಸಿಕೊಳ್ಳಬೇಕು. ಫ್ಯಾನಿನ ಸದ್ದಿನ ಎರಡು ತುಂಡುಗಳು ಒಂದಕ್ಕೊಂದು ಸಂಬಂಧವಿಲ್ಲದವು. ಒಂದನ್ನು ನೇರ ಗೆರೆಯಲ್ಲಿ ಇಳಿಸಿ ಇನ್ನೊಂದನ್ನು ನೇರ ಗೆರೆಯಲ್ಲಿ ಏರಿಸಿದರೆ ನಡುವೆ 3 ಡೆಸಿಬೆಲ್ ತಗ್ಗು ಬೀಳುತ್ತದೆ. ಒಂದೆರಡು ಕಡೆ ಅದು ಯಾರಿಗೂ ಕೇಳದು, ನೂರಾರು ಕಡೆ ಆದಾಗ ಹಿನ್ನೆಲೆ ಮಿಣುಕಿದಂತೆ ಅನ್ನಿಸುತ್ತದೆ. ಸೈನ್–ಕೊಸೈನ್ ಆಕಾರದಲ್ಲಿ ಶಕ್ತಿ ಸಮನಾಗಿರುತ್ತದೆ. ffmpeg ಒಳಗಿನ acrossfade ಬಳಸುವವರು ಮೊದಲೇ ಹೊಂದಿಸಿರುವ tri ಬದಲು c1=qsin:c2=qsin ಕೊಡಬೇಕು. ಪೈಥಾನ್‌ನಲ್ಲಿ ಹೀಗೆ:

```python
n = int(0.020 * sr)
t = np.linspace(0, np.pi / 2, n)
mix = a[-n:] * np.cos(t) + b[:n] * np.sin(t)
out = np.concatenate([a[:-n], mix, b[n:]])
```

ಇಲ್ಲೊಂದು ಲೆಕ್ಕದ ದೋಷ ಕಾದು ಕುಳಿತಿದೆ. ಎರಡು ತುಂಡುಗಳು 20 ಮಿಲಿಸೆಕೆಂಡ್ ಒಂದರ ಮೇಲೊಂದು ಬರುವುದರಿಂದ ಪ್ರತಿ ಬೆಸುಗೆಯಲ್ಲೂ ಅಷ್ಟು ಸಮಯ ಕಳೆಯುತ್ತದೆ. ಈ ಉಪನ್ಯಾಸದಲ್ಲಿ ಕೊನೆಗೆ ಉಳಿದ ಬೆಸುಗೆಗಳು ಸುಮಾರು 430. 430 ಬಾರಿ 0.02 ಎಂದರೆ 8.6 ಸೆಕೆಂಡು. ಬರೀ ಧ್ವನಿಯಾದರೆ ಪರವಾಗಿಲ್ಲ. ಜೊತೆಗೆ ವಿಡಿಯೋ ಅಥವಾ ಉಪಶೀರ್ಷಿಕೆ ಇದ್ದರೆ ಆರಂಭದಲ್ಲಿ ಸರಿಯಿದ್ದದ್ದು ಕೊನೆಯ ಹೊತ್ತಿಗೆ ಎಂಟು ಸೆಕೆಂಡು ತಪ್ಪಿರುತ್ತದೆ. ಪರಿಹಾರ ಸರಳ: a ತುಂಡನ್ನು ಕತ್ತರಿಸುವ ಬಿಂದುವಿಗಿಂತ 10 ಮಿಲಿಸೆಕೆಂಡ್ ಮುಂದಕ್ಕೆ, b ತುಂಡನ್ನು 10 ಮಿಲಿಸೆಕೆಂಡ್ ಹಿಂದಕ್ಕೆ ಚಾಚಿ ತೆಗೆದುಕೊಳ್ಳುವುದು. ಆಗ ಒಟ್ಟು ಅವಧಿ ಪಟ್ಟಿಯಲ್ಲಿದ್ದಷ್ಟೇ ಆಗುತ್ತದೆ. ವಿಡಿಯೋಗೆ ಇನ್ನೊಂದು ನಿರ್ಬಂಧವಿದೆ. ಸೆಕೆಂಡಿಗೆ 25 ಫ್ರೇಮ್ ಇದ್ದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್, ಕತ್ತರಿಸುವ ಅವಧಿ ಅದರ ಪೂರ್ಣ ಗುಣಕವಾಗಿರಬೇಕು. ಮೇಲಿನ 1.06 ಸೆಕೆಂಡು 26 ಫ್ರೇಮಿಗೆ, ಅಂದರೆ 1.04ಕ್ಕೆ ಇಳಿಯುತ್ತದೆ. ಸಂದೇಹವಿದ್ದಲ್ಲಿ ಕಡಿಮೆ ಕತ್ತರಿಸುವ ಕಡೆಗೇ ಸರಿಹೊಂದಿಸಬೇಕು.

ಕೋಣೆಯ ಖಾಲಿ ಸದ್ದನ್ನು ಬೇರೆಯಾಗಿ ತಂದು ತುಂಬುವ ಅಗತ್ಯ ಈ ವಿಧಾನದಲ್ಲಿ ಕಡಿಮೆ. ಉಳಿಸಿಕೊಂಡ ಮೌನವೆಲ್ಲ ಆಯಾ ಜಾಗದ್ದೇ ಆದ್ದರಿಂದ ಹಿನ್ನೆಲೆ ತಾನಾಗಿ ಹೊಂದುತ್ತದೆ. ತುಂಬಲೇಬೇಕಾದರೆ ಹತ್ತಿರದ ಮೌನದಿಂದ ಮೂರು ಸೆಕೆಂಡಾದರೂ ಉದ್ದದ ತುಂಡು ಬೇಕು. 0.3 ಸೆಕೆಂಡಿನದನ್ನು ಸುತ್ತಿ ಸುತ್ತಿ ಬಳಸಿದರೆ ಅದೇ ಒಂದು ತಾಳವಾಗಿ ಕೇಳತೊಡಗುತ್ತದೆ. ಡಿಜಿಟಲ್ ಸೊನ್ನೆಯನ್ನಂತೂ ಎಂದೂ ತುಂಬಬಾರದು.

ಕೇಳಿ ನೋಡುವುದು

430 ಬೆಸುಗೆಗಳನ್ನೂ ಕೇಳಬೇಕಿಲ್ಲ. ಪ್ರತಿ ಬೆಸುಗೆಗೆ ಮೂರು ಅಳತೆ ಸಾಕು: ಎರಡು ಬದಿಯ ಹಿನ್ನೆಲೆ ಮಟ್ಟದ ವ್ಯತ್ಯಾಸ, ಪಿಚ್ ವ್ಯತ್ಯಾಸ, ಉಳಿದ ಮೌನದ ಅವಧಿ. ಹಿನ್ನೆಲೆ 3 ಡೆಸಿಬೆಲ್‌ಗಿಂತ ಹೆಚ್ಚು ಬದಲಾಗಿರುವವು ಮತ್ತು ಮೌನ 0.3ಕ್ಕಿಂತ ಕಡಿಮೆ ಇರುವವು ಪಟ್ಟಿಯ ಮೇಲಕ್ಕೆ ಬರಲಿ. ಮೇಲಿನ ಐವತ್ತನ್ನು ಹಿಂದೆ ಎರಡು, ಮುಂದೆ ಎರಡು ಸೆಕೆಂಡು ಸೇರಿಸಿ ಹೆಡ್‌ಫೋನಿನಲ್ಲಿ ಕೇಳಬೇಕು, ತರಂಗದ ಚಿತ್ರ ನೋಡದೆ. ಗೆರೆ ಕಣ್ಣಿಗೆ ಕಂಡರೆ ಕಿವಿಗೂ ಕೇಳಿದಂತೆ ಭ್ರಮೆಯಾಗುತ್ತದೆ. ತಪ್ಪು ಕೇಳಿದ ಮೇಲೆ ಸ್ಪೆಕ್ಟ್ರೋಗ್ರಾಮ್ ತೆರೆಯಬಹುದು: ಕೆಳಗಿನಿಂದ ಮೇಲಿನವರೆಗೆ ತೆಳ್ಳನೆಯ ನೇರ ಗೆರೆ ಕಂಡರೆ ಅದು ‘ಟಿಕ್’, ಹಿನ್ನೆಲೆಯ ಬಣ್ಣ ತಟ್ಟನೆ ಬದಲಾದರೆ ಮಟ್ಟದ ಮೆಟ್ಟಿಲು.

ಲಯದ ದೋಷ ಮಾತ್ರ ಹೀಗೆ ತುಣುಕು ಕೇಳಿದರೆ ಸಿಕ್ಕುವುದಿಲ್ಲ. ಅದಕ್ಕೆ ಮೂರು ನಿಮಿಷ ಎಡೆಬಿಡದೆ ಕೇಳಬೇಕು, ಸಾಧ್ಯವಾದರೆ ಮೂಲವನ್ನು ಕೇಳಿರದ ಒಬ್ಬರಿಂದ. ‘ಇವರು ಉಸಿರು ಬಿಡದೆ ಮಾತಾಡುತ್ತಾರೆ’ ಎಂಬ ಪ್ರತಿಕ್ರಿಯೆ ಬಂದರೆ ಸೂತ್ರದ 0.3ನ್ನು 0.4ಕ್ಕೆ ಏರಿಸಿ ಮತ್ತೆ ತಯಾರಿಸಬೇಕು. ಪಟ್ಟಿ ಬೇರೆ ಫೈಲಿನಲ್ಲಿದ್ದು ಮೂಲ ಧ್ವನಿ ಮುಟ್ಟದೆ ಉಳಿದಿದ್ದರೆ ಇದು ಒಂದು ನಿಮಿಷದ ಕೆಲಸ.

ಈ ಪ್ರಕರಣದಲ್ಲಿ 42 ನಿಮಿಷ 38ಕ್ಕೆ ಇಳಿಯಿತು. ಅದರಲ್ಲಿ ಫಿಲ್ಲರ್‌ಗಳ ಪಾಲು ಒಂದು ನಿಮಿಷಕ್ಕೂ ಕಡಿಮೆ, ಉಳಿದ ಮೂರಕ್ಕೂ ಹೆಚ್ಚು ನಿಮಿಷ ಮೌನ ತಗ್ಗಿಸಿದ್ದರಿಂದ ಬಂದದ್ದು. ಸಮಯ ಉಳಿಸುವುದೇ ಗುರಿಯಾದರೆ ಅಂಟಿಕೊಂಡ ಫಿಲ್ಲರ್‌ಗಳ ಹಿಂದೆ ಬೀಳುವುದರಲ್ಲಿ ಲಾಭವಿಲ್ಲ ಎಂಬುದಕ್ಕೆ ಈ ಲೆಕ್ಕ ಸಾಕು.

ಇದೇ ವಿಧಾನ ಎಲ್ಲೆಡೆ ನಡೆಯುವುದಿಲ್ಲ. ಮಾತಿನ ಹಿಂದೆ ಸಂಗೀತ ಓಡುತ್ತಿದ್ದರೆ ಪ್ರತಿ ಬೆಸುಗೆಯಲ್ಲೂ ತಾಳ ತಪ್ಪುತ್ತದೆ, ಸಂಗೀತವಿಲ್ಲದ ಮೂಲ ಟ್ರ್ಯಾಕ್ ಸಿಗದಿದ್ದರೆ ಕತ್ತರಿ ಬೇಡ. ಇಬ್ಬರು ಮಾತಾಡುವಾಗ ಒಬ್ಬರ ‘ಆಂ’ ಮೇಲೆ ಇನ್ನೊಬ್ಬರ ಮಾತು ಬಿದ್ದಿದ್ದರೆ, ಇಬ್ಬರ ಮೈಕ್ ಬೇರೆ ಟ್ರ್ಯಾಕಿನಲ್ಲಿದ್ದರೂ ಸಮಯವನ್ನು ಇಬ್ಬರಿಂದಲೂ ಒಟ್ಟಿಗೇ ಕತ್ತರಿಸಬೇಕು, ಇಲ್ಲವೇ ಆ ‘ಆಂ’ ಮಟ್ಟವನ್ನು ತಗ್ಗಿಸಿ ಸಮಯ ಹಾಗೇ ಬಿಡಬೇಕು. ದೊಡ್ಡ ಸಭಾಂಗಣದಲ್ಲಿ ಮೈಕ್ ದೂರವಿದ್ದು ಅನುರಣನ ಒಂದೂವರೆ ಸೆಕೆಂಡು ಉಳಿಯುವಂತಿದ್ದರೆ, ‘ಆಂ’ ಮುಗಿದು 0.26 ಸೆಕೆಂಡಿಗೆ ಶುರು ಮಾಡುವ ಲೆಕ್ಕವೇ ಕುಸಿಯುತ್ತದೆ. ಅಲ್ಲಿ ಫಿಲ್ಲರ್‌ಗಳನ್ನು ಪೂರ್ತಿ ಬಿಟ್ಟು, ಮೂರು ಸೆಕೆಂಡಿಗಿಂತ ದೊಡ್ಡ ಮೌನಗಳನ್ನಷ್ಟೇ, ಮೊಳಗು ಅಡಗಿದ ಮೇಲಿನ ಭಾಗದಿಂದ ತಗ್ಗಿಸಬೇಕು.